ಹಳೆಯ ಕಡತದ ಅಕ್ಷರಗಳು

ನಂಜನಗೂಡು ಸೀಮೆಯ ಚಿಕ್ಕಯ್ಯನಛತ್ರದಲ್ಲಿ ಭತ್ತದ ವ್ಯಾಪಾರಿಯೊಬ್ಬರು ಹಲವು ವರ್ಷಗಳ ಹಿಂದೆ ‘ನುಡಿ’ ತಂತ್ರಾಂಶದಿಂದ ಲೆಕ್ಕದ ಕಡತವೊಂದನ್ನು ಬರೆಸಿಟ್ಟಿದ್ದರೆಂದು ಭಾವಿಸೋಣ. ಅದನ್ನು ಇಂದು ಹೊಸ ಗಣಕಯಂತ್ರದಲ್ಲಿ ತೆರೆದರೆ ಊರಿನ ಹೆಸರಿರಬೇಕಾದ ಎಡೆಯಲ್ಲಿ ಹೀಗೆ ಕಾಣುವುದು:

```
aPÀÌAiÀÄå£ÀbÀvÀæ
```

ಕಡತ ಕೆಟ್ಟಿಲ್ಲ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಕಕಾರದ ಒಡಲು, ಒತ್ತು, ಕೊಂಬುಗಳನ್ನು ಬೇರೆಬೇರೆ ಗೂಡುಗಳಿಂದ ಆಯ್ದು ಸಾಲಾಗಿ ಇಡುತ್ತಿದ್ದನಷ್ಟೆ. ಹಳೆಯ ಫಾಂಟುಗಳೂ ಇದೇ ಮಾರ್ಗವನ್ನು ಹಿಡಿದವು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವು. `P` ಎಂಬುದು ತಲೆಕಟ್ಟಿಲ್ಲದ ಕಕಾರ. `À` ಎಂಬುದು ತಲೆಕಟ್ಟು. ಯೂನಿಕೋಡಾದರೋ ಆಕಾರಕ್ಕಲ್ಲ, ಅಕ್ಷರಕ್ಕೇ ಸಂಖ್ಯೆ ಕೊಡುತ್ತದೆ. ಕನ್ನಡಕ್ಕೆ U+0C80 ರಿಂದ U+0CFF ವರೆಗಿನ ಸ್ಥಾನಗಳು ಮೀಸಲಾಗಿವೆ. ಮೇಲಿನ ಹೆಸರಿನಲ್ಲಿ ಹಳೆಯ ಸಂಕೇತಗಳು 16. ಯೂನಿಕೋಡಿನಲ್ಲಿ ಅದಕ್ಕೆ 13 ಸಾಕು. ಆದುದರಿಂದ ಒಂದಕ್ಕೆ ಒಂದರಂತೆ ಬದಲಿಸುವುದು ಸಾಧ್ಯವಿಲ್ಲ.

ಈ ಹೆಸರಿನ ನಡುವೆ `AiÀÄ` ಎಂಬುದನ್ನು ನೋಡಿರಿ. ನಾಲ್ಕೂ ಸೇರಿದರೆ ‘ಯ’. ಆದರೆ `A` ಒಂದೇ ಬಂದರೆ ಅದು ಅನುಸ್ವಾರ. ಹಾಗೆಯೇ `ªÀ` ಎಂದರೆ ‘ವ’, `Ä` ಎಂದರೆ ಕೊಂಬು. ಆದರೆ `ªÀÄ` ಎಂದರೆ ‘ವು’ ಅಲ್ಲ, ‘ಮ’. ಪರಿವರ್ತಿಸುವವನು ಯಾವಾಗಲೂ ಅತಿ ಉದ್ದದ ಗುಂಪನ್ನು ಮೊದಲು ಹುಡುಕತಕ್ಕದ್ದು. ಈ ನಿಯಮ ತಪ್ಪಿದರೆ ಮೈಸೂರು ‘ವೆುೖಸೂರು’ ಆಗುವುದು. ಕಣ್ಣಿಗೆ ಇದು ಹೆಚ್ಚುಕಡಿಮೆ ಸರಿಯಾಗಿಯೇ ತೋರಬಹುದು. ಅಪಾಯವಿರುವುದು ಅಲ್ಲಿಯೇ: ಮುಂದೆ ‘ಮೈಸೂರು’ ಎಂದು ಹುಡುಕಿದಾಗ ಆ ಗಿರಾಕಿಯ ಲೆಕ್ಕ ಸಿಗುವುದೇ ಇಲ್ಲ.

ಎರಡನೆಯದು ಕ್ರಮದ ಪ್ರಶ್ನೆ. ಹಳೆಯ ಕಡತದಲ್ಲಿ ‘ಬ್ಯಾಂಕ್’ ಎಂಬುದು `¨ÁåAPï`. ಅಂದರೆ ಮೊದಲು ‘ಬಾ’, ಅನಂತರ ಯಕಾರದ ಒತ್ತು. ಯೂನಿಕೋಡಿನಲ್ಲಿ ವ್ಯಂಜನಗಳೆಲ್ಲ ಮುಗಿದ ಮೇಲೆಯೇ ಸ್ವರಚಿಹ್ನೆ ಬರಬೇಕು. ದೀರ್ಘವನ್ನು ಒತ್ತಿನ ಆಚೆಗೆ ಸರಿಸದಿದ್ದರೆ ಒತ್ತು ಮುರಿದುಹೋಗುವುದು. ಅರ್ಕಾವೊತ್ತಿನ ಪ್ರಯಾಣ ಇನ್ನೂ ದೂರ. ‘ವರ್ಷ’ವು `ªÀµÀð` ಎಂದಿದ್ದು, ಕೊನೆಯ `ð` ಚಿಹ್ನೆಯು ಹಿಂದಿನ ಇಡೀ ಗುಣಿತಾಕ್ಷರವನ್ನು ದಾಟಿ ಅದರ ಮುಂದೆ ‘ರ್’ ಆಗಿ ನಿಲ್ಲಬೇಕು. ನಾವು ಬರೆಯುವಾಗ ಅದನ್ನು ಕೊನೆಗೆ ಬರೆದರೂ ಉಚ್ಚರಿಸುವಾಗ ಮೊದಲು ಉಚ್ಚರಿಸುತ್ತೇವಲ್ಲವೆ? ಯೂನಿಕೋಡು ಉಚ್ಚಾರಣೆಯನ್ನು ಅನುಸರಿಸುತ್ತದೆ.

‘ಬ್ಯಾಂಕ್‌ಗೆ’ ಎಂಬಲ್ಲಿ ಮತ್ತೊಂದು ತೊಡಕು. ಹಳೆಯ ಫಾಂಟಿನಲ್ಲಿ ‘ಕ್’ ಎಂಬ ಆಕಾರ ಸ್ವತಂತ್ರವಾಗಿ ನಿಂತಿತ್ತು. ಯೂನಿಕೋಡಿನಲ್ಲಿ ಅದರ ಮುಂದೆ ‘ಗೆ’ ಬಂದೊಡನೆ ಎರಡೂ ಬೆಸೆದು ಗಕಾರವು ಒತ್ತಾಗಿಬಿಡುವುದು. ಇವೆರಡರ ನಡುವೆ ಕಣ್ಣಿಗೆ ಕಾಣದ U+200C ಎಂಬ ಚಿಹ್ನೆಯನ್ನಿಟ್ಟರೆ ಅವು ಬೇರೆಯಾಗಿಯೇ ಉಳಿಯುತ್ತವೆ. ‘ಅಗಲವಿಲ್ಲದ ಗೋಡೆ’ಯೆಂದು ಅದನ್ನು ಕರೆಯಬಹುದೇನೋ!

ಇನ್ನು ಕೋಷ್ಟಕಗಳು. ಕಡತವನ್ನು ಬರಿಯ ಪಠ್ಯವಾಗಿ ಉಳಿಸಿ ಪರಿವರ್ತಿಸಿದರೆ ಕೋಷ್ಟಕದ ಗೆರೆಗಳು ಮಾಯವಾಗುವುವು. ಎಲ್ಲವನ್ನೂ ಒಟ್ಟಿಗೆ ಪರಿವರ್ತಿಸಿದರೆ ಇಂಗ್ಲಿಷಿನಲ್ಲಿರುವ ತೆರಿಗೆಯ ನೋಂದಣಿ ಸಂಖ್ಯೆಯೂ ಕನ್ನಡದ ಚೂರುಗಳಾಗುವುದು. ಆದ್ದರಿಂದ .docx ಕಡತದೊಳಗಿನ `word/document.xml` ಎಂಬ ಭಾಗವನ್ನು ಓದಿ, `Nudi 01 e` ಮುಂತಾದ ಹಳೆಯ ಫಾಂಟಿನ ಹೆಸರಿರುವ ತುಣುಕುಗಳನ್ನು ಮಾತ್ರ ಬದಲಿಸಬೇಕು; ಅಂಕಿಗಳನ್ನು ಇದ್ದಂತೆಯೇ ಬಿಡಬೇಕು. ಆದರೆ ಒಂದೇ ಪದವು ಎರಡು ತುಣುಕುಗಳಲ್ಲಿ ಹರಿದಿರುವುದು ಅಪರೂಪವಲ್ಲ. `ð` ಒಂದೇ ಎರಡನೆಯ ತುಣುಕಿಗೆ ಬಿದ್ದರೆ ಅದಕ್ಕೆ ದಾಟಲು ಅಕ್ಷರವೇ ಇರುವುದಿಲ್ಲ. ಪಕ್ಕಪಕ್ಕದಲ್ಲಿ ಒಂದೇ ಫಾಂಟಿರುವ ತುಣುಕುಗಳನ್ನು ಮೊದಲು ಕೂಡಿಸಿ, ಆಮೇಲೆ ಪರಿವರ್ತಿಸಬೇಕು. ಬೇರೆ ಸಂಸ್ಥೆಯ ಫಾಂಟಿಗೆ ಸಂಕೇತಗಳ ಪಟ್ಟಿಯೂ ಬೇರೆಯಿರಬಹುದೆಂಬುದನ್ನು ಮರೆಯಬಾರದು.

ಅಕ್ಷರಗಳು ಪೂರ್ತಿ ಕಾಣೆಯಾಗುವುದು ಬೇರೊಂದು ಕಾರಣದಿಂದ. ಹಳೆಯ ಪಠ್ಯ ಕಡತವನ್ನು UTF-8 ಎಂದು ತಪ್ಪಾಗಿ ತೆರೆದರೆ `£`, `À` ಮೊದಲಾದವು � ಎಂಬ ಒಂದೇ ಗುರುತಾಗಿ ಕಾಣುತ್ತವೆ. ಹಾಗೆಯೇ ಉಳಿಸಿಬಿಟ್ಟರೆ ಯಾವ ಅಕ್ಷರ ಎಲ್ಲಿತ್ತೆಂಬುದನ್ನು ಯಾವ ಯಂತ್ರವೂ ಹೇಳಲಾರದು. ಮೂಲ ಕಡತದ ಪ್ರತಿಯನ್ನು ಬೇರೆಯಾಗಿ ತೆಗೆದಿಡದೆ ಈ ಕೆಲಸಕ್ಕೆ ಕೈಹಾಕುವುದನ್ನು ನಾವು ಒಪ್ಪುವುದಿಲ್ಲ.

ಕೆಲಸ ಮುಗಿದ ಮೇಲೆ ಹೊಸ ಕಡತದಲ್ಲಿ ಈ ಎರಡು ವಿನ್ಯಾಸಗಳನ್ನು ಹುಡುಕಬೇಕು:

```
[\u0CBE-\u0CCC][\u0CBE-\u0CD6]
[\u00A1-\u00FF]
```

ಮೊದಲನೆಯದು ಸ್ವರಚಿಹ್ನೆಯ ಬೆನ್ನಿಗೇ ಇನ್ನೊಂದು ಸ್ವರಚಿಹ್ನೆಯೋ ಹಲಂತವೋ ಬಂದಿರುವ ಎಡೆಗಳನ್ನು ಹಿಡಿಯುತ್ತದೆ. ‘ವೆುೖಸೂರು’ ಸಿಕ್ಕಿಬೀಳುವುದು ಇಲ್ಲಿಯೇ. ಎರಡನೆಯದು ಬದಲಾಗದೆ ಉಳಿದ ಹಳೆಯ ಸಂಕೇತಗಳನ್ನು ತೋರಿಸುತ್ತದೆ. ‘ಬ್ಯಾಂಕ್‌ಗೆ’ ಎಂಬಂಥ ಬೆಸುಗೆಗಳು ಮಾತ್ರ ಎರಡಕ್ಕೂ ಸಿಕ್ಕವು. ಅವುಗಳಿಗಾಗಿ ಹಳೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿಯೇ ನೋಡಬೇಕು.