ಜ್ವರ ಬಿಟ್ಟ ಮೇಲಿನ ಎರಡು ದಿನ

ಮುಂಗಾರು ಹಿಡಿದು ನಾಲ್ಕಾರು ವಾರ ಕಳೆಯುವ ಹೊತ್ತಿಗೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಿನವಿಡೀ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ: “ಡಾಕ್ಟ್ರೇ, ಪ್ಲೇಟ್‌ಲೆಟ್ ಎಷ್ಟಿದೆ?” ಲ್ಯಾಬಿನ ಚೀಟಿಯಲ್ಲಿ ಆ ಒಂದು ಸಾಲಿನ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿರುತ್ತಾರೆ. ಅದೇ ಚೀಟಿಯಲ್ಲಿ ಪಿಸಿವಿ ಅಥವಾ ಹೆಮಟೊಕ್ರಿಟ್ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಡೆಂಗಿ ರೋಗಿಯನ್ನು ವಾರ್ಡಿಗೆ ಸೇರಿಸಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವಾಗ ನನ್ನ ಕಣ್ಣು ಮೊದಲು ಹೋಗುವುದು ಆ ಅಂಕಿಯ ಕಡೆಗೆ.

ಕಾರಣ ಇಷ್ಟೇ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಿನ ಸಲ ರಕ್ತಸ್ರಾವವಲ್ಲ, ರಕ್ತನಾಳಗಳ ಸೋರಿಕೆ. ಕೆಲವರಲ್ಲಿ ಅತಿ ಸಣ್ಣ ರಕ್ತನಾಳಗಳ ಗೋಡೆ ಒಂದೆರಡು ದಿನ ಸಡಿಲವಾಗುತ್ತದೆ. ರಕ್ತದ ನೀರಿನ ಅಂಶ, ಅಂದರೆ ಪ್ಲಾಸ್ಮಾ, ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಜಿನುಗುತ್ತದೆ. ಕೆಂಪುಕಣಗಳು ನಾಳದಲ್ಲೇ ಉಳಿಯುವುದರಿಂದ ರಕ್ತ ಗಟ್ಟಿಯಾಗುತ್ತಾ ಹೋಗುತ್ತದೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡ ಎಷ್ಟು ಎಂಬುದನ್ನು ಪಿಸಿವಿ ಹೇಳುತ್ತದೆ. ಅದು ಏರತೊಡಗಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ರೋಗಿಯ ಮೊದಲಿನ ಮಟ್ಟಕ್ಕಿಂತ ಐದನೇ ಒಂದರಷ್ಟು ಏರಿದ್ದರೆ ಅದು ಗಣನೀಯ ಸೋರಿಕೆ.

ಈ ಸೋರಿಕೆ ಯಾವಾಗ ಶುರುವಾಗುತ್ತದೆ ಎನ್ನುವಲ್ಲೇ ಮನೆಯವರು ಮೋಸಹೋಗುವುದು. ಮೈ ಕೆಂಡದಂತೆ ಸುಡುವ ಮೊದಲ ಎರಡು ಮೂರು ದಿನ ಇದು ಕಾಣಿಸುವುದು ಅಪರೂಪ. ಜ್ವರ ಇಳಿದು, ಥರ್ಮಾಮೀಟರು ಸರಿಯಾದ ಅಂಕಿ ತೋರಿಸಿ, “ಅಬ್ಬಾ, ಬಿಟ್ಟಿತು” ಎಂದು ಎಲ್ಲರೂ ನಿರಾಳವಾಗುವ ಹೊತ್ತಿಗೆ ಶುರುವಾಗುತ್ತದೆ. ಜ್ವರದ ಮೂರನೇ ದಿನದಿಂದ ಏಳನೇ ದಿನದೊಳಗೆ ಎಂದಾದರೂ ಇದು ಬರಬಹುದು. ಬಂದರೆ 24ರಿಂದ 48 ಗಂಟೆ ಇರುತ್ತದೆ, ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಹೆಚ್ಚಿನವರಿಗೆ ಇದು ಬರುವುದೇ ಇಲ್ಲ. ಡೆಂಗಿ ವೈರಸ್ ಹೊಕ್ಕವರಲ್ಲಿ ಬಹುಪಾಲು ಜನಕ್ಕೆ ರೋಗಲಕ್ಷಣವೇ ಇರುವುದಿಲ್ಲ, ಅಥವಾ ವಾರದಲ್ಲಿ ವಾಸಿಯಾಗುವ ಜ್ವರವಷ್ಟೇ ಬರುತ್ತದೆ. ಹಾಗಾಗಿ ಹೆದರುವುದಕ್ಕಿಂತ ದಿನ ಎಣಿಸುವುದು ಹೆಚ್ಚು ಉಪಯೋಗದ ಕೆಲಸ. ಜ್ವರ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಒಂದು ಮಾದರಿಯನ್ನು ನೋಡೋಣ. ಇದು ಯಾರೊಬ್ಬರ ಕಥೆಯಲ್ಲ, ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಟ್ಟುಮಾಡಿ ಹೇಳುತ್ತಿದ್ದೇನೆ. ಮೂವತ್ತೈದರ ಆಟೊ ಚಾಲಕನಿಗೆ ಸೋಮವಾರ ಮಧ್ಯಾಹ್ನ ಚಳಿ, 103 ಡಿಗ್ರಿ ಜ್ವರ, ಕಣ್ಣುಗುಡ್ಡೆಯ ಹಿಂದೆ ನೋವು, ಸೊಂಟ ಮುರಿದುಹೋಗುವಂಥ ಸಂಕಟ. ಮಂಗಳವಾರ ಎನ್‌ಎಸ್‌1 ಪರೀಕ್ಷೆಯಲ್ಲಿ ಡೆಂಗಿ ಎಂದು ಬಂತು. ಅಂದು ಪ್ಲೇಟ್‌ಲೆಟ್ 1.8 ಲಕ್ಷ, ಪಿಸಿವಿ 40. ಗುರುವಾರ ಪ್ಲೇಟ್‌ಲೆಟ್ 82 ಸಾವಿರಕ್ಕೆ ಇಳಿದಿದೆ, ಪಿಸಿವಿ 42. ಶುಕ್ರವಾರ ಬೆಳಗ್ಗೆ ಮೈ ತಣ್ಣಗಿದೆ. ಆದರೆ ಹೊಟ್ಟೆ ನೋಯುತ್ತಿದೆ, ಕುಡಿದ ಗಂಜಿ ಎರಡು ಸಲ ವಾಂತಿಯಾಗಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಹಿಂದಿನ ರಾತ್ರಿಯಿಂದ ಮೂತ್ರವಾಗಿಲ್ಲ. ಪ್ಲೇಟ್‌ಲೆಟ್ 41 ಸಾವಿರ, ಪಿಸಿವಿ 49.

ಅದೇ ದಿನ ಅದೇ ಬೀದಿಯ ಕಾಲೇಜು ಹುಡುಗನ ಪ್ಲೇಟ್‌ಲೆಟ್ 28 ಸಾವಿರ. ಪಿಸಿವಿ ಮಾತ್ರ ಮೊದಲ ದಿನದಂತೆಯೇ 41. ಎರಡು ಇಡ್ಲಿ ತಿಂದಿದ್ದಾನೆ, ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುತ್ತಿದ್ದಾನೆ, ಎಲ್ಲೂ ರಕ್ತ ಒಸರಿಲ್ಲ. ಬೀದಿಯವರೆಲ್ಲ ಹೆದರಿರುವುದು ಈ ಹುಡುಗನ ವಿಷಯಕ್ಕೆ. ನನಗೆ ಆತಂಕ ಆಟೊ ಚಾಲಕನದು. ಹುಡುಗನನ್ನೂ ವೈದ್ಯರ ಕಣ್ಣಳತೆಯಲ್ಲಿ ಇಟ್ಟು ದಿನಾ ರಕ್ತ ನೋಡಬೇಕು, ನಿಜ. ಆದರೆ ಚಾಲಕನಿಗೆ ಆ ಗಂಟೆಯಲ್ಲೇ ಡ್ರಿಪ್ ಬೇಕು. ವಾರ್ಡಿನಲ್ಲಿ ಅವನಿಗೆ ತೂಕಕ್ಕೆ ತಕ್ಕಂತೆ ಗಂಟೆಗಿಷ್ಟು ಎಂದು ಅಳೆದು ದ್ರವ ಕೊಡುತ್ತಾರೆ, ಕೆಲವು ಗಂಟೆಗೊಮ್ಮೆ ಪಿಸಿವಿ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಶನಿವಾರ ಪಿಸಿವಿ 43ಕ್ಕೆ ಇಳಿಯಿತು, ಧಾರಾಳವಾಗಿ ಮೂತ್ರ ಬಂತು, ಹಸಿವು ಕಾಣಿಸಿತು. ಪ್ಲೇಟ್‌ಲೆಟ್ ಅಂದು ಇನ್ನೂ ಕೆಳಗೆ, 32 ಸಾವಿರಕ್ಕೆ ಹೋಗಿತ್ತು. ಮನೆಯವರು ಗಾಬರಿ, ನಾವು ನಿರಾಳ. ಭಾನುವಾರದಿಂದ ಅದೂ ಏರಿತು.

ಇಲ್ಲಿ ಡ್ರಿಪ್ಪಿನ ಬಗ್ಗೆ ಒಂದು ಮಾತು. “ಸುಸ್ತಾಗಿದೆ, ಎರಡು ಬಾಟಲಿ ಗ್ಲೂಕೋಸ್ ಹಾಕಿಬಿಡಿ” ಎನ್ನುವವರು ಬಹಳ. ಸೋರಿಕೆ ನಿಂತ ಮೇಲೆ ಹೊರಗೆ ಜಿನುಗಿದ ನೀರೆಲ್ಲ ಎರಡು ಮೂರು ದಿನದಲ್ಲಿ ರಕ್ತಕ್ಕೆ ಹಿಂದಿರುಗುತ್ತದೆ. ಆ ಹೊತ್ತಿನಲ್ಲಿ ಬೇಕಿಲ್ಲದ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಬಾಯಲ್ಲಿ ಕುಡಿಯಬಲ್ಲವರಿಗೆ ಗಂಜಿ, ಮಜ್ಜಿಗೆ, ಎಳನೀರು, ಹಣ್ಣಿನ ರಸ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದ ಲೆಕ್ಕದಲ್ಲಿ ಕದಡಿದ ಓಆರ್‌ಎಸ್ ಸಾಕು. ಬರೀ ನೀರನ್ನೇ ಕುಡಿಯುತ್ತಿದ್ದರೆ ಉಪ್ಪಿನಂಶ ಕಡಿಮೆಯಾಗುತ್ತದೆ. ಅಳತೆಗೆ ಸುಲಭದ ಗುರುತು ಎಂದರೆ ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಮೂತ್ರ ಬರುತ್ತಿರಬೇಕು.

ಇನ್ನು ಪ್ಲೇಟ್‌ಲೆಟ್ ಏರಿಸುವ ಮಾತು. ರಕ್ತಸ್ರಾವವಿಲ್ಲದ ರೋಗಿಗೆ ಅಂಕಿ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಕೊಟ್ಟರೆ ಲಾಭವಿದೆಯೇ? ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ 20 ಸಾವಿರ ಅಥವಾ ಅದಕ್ಕೂ ಕಡಿಮೆ ಪ್ಲೇಟ್‌ಲೆಟ್ ಇದ್ದ ವಯಸ್ಕರ ಮೇಲೆ ಇದನ್ನು ಪರೀಕ್ಷಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಟ್ಟವರಲ್ಲಿ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ, ಅಲರ್ಜಿಯಂಥ ಅಡ್ಡಪರಿಣಾಮ ಮಾತ್ರ ಹೆಚ್ಚಾಗಿದ್ದವು. ರಕ್ತ ಸುರಿಯುತ್ತಿದ್ದರೆ, ಅಂಕಿ ಹತ್ತು ಸಾವಿರದ ಆಸುಪಾಸಿಗೆ ಕುಸಿದಿದ್ದರೆ ಅದು ಬೇರೆ ಲೆಕ್ಕ, ವೈದ್ಯರು ನೋಡಿಕೊಳ್ಳುತ್ತಾರೆ. ಇನ್ನೊಂದು ಸಂಗತಿಯೂ ಉಂಟು. ಕೆಲವೊಮ್ಮೆ ರಕ್ತ ತೆಗೆದ ಟ್ಯೂಬಿನಲ್ಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರ ಕಡಿಮೆ ಎಣಿಸುತ್ತದೆ. ರೋಗಿ ಚೆನ್ನಾಗಿದ್ದು ಅಂಕಿ ಮಾತ್ರ ದಿಢೀರನೆ ಬಿದ್ದಿದ್ದರೆ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು ವಾಡಿಕೆ.

ಪಪ್ಪಾಯಿ ಎಲೆಯ ರಸದ ಬಗ್ಗೆ ಕೇಳದೆ ಯಾರೂ ಹೋಗುವುದಿಲ್ಲ. ಅದರಿಂದ ಪ್ಲೇಟ್‌ಲೆಟ್ ತುಸು ಬೇಗ ಏರುತ್ತದೆ ಎಂದ ಸಣ್ಣ ಅಧ್ಯಯನಗಳು ಇವೆ. ಸೋರಿಕೆ ತಡೆಯುತ್ತದೆ, ಪ್ರಾಣ ಉಳಿಸುತ್ತದೆ ಎಂದು ತೋರಿಸಿದ ಗಟ್ಟಿ ಪುರಾವೆ ಇಲ್ಲ. ಹೇಗೂ ಆರೇಳನೇ ದಿನದಿಂದ ಪ್ಲೇಟ್‌ಲೆಟ್ ತಾನಾಗಿಯೇ ಏರುವುದರಿಂದ, ಐದನೇ ದಿನ ಕುಡಿದ ಯಾವುದಕ್ಕಾದರೂ ಹೆಸರು ಬಂದುಬಿಡುತ್ತದೆ, ಅದು ಕಿವಿಹಣ್ಣೇ ಇರಲಿ, ಮೇಕೆ ಹಾಲೇ ಇರಲಿ. ನನ್ನ ತಕರಾರು ಬೇರೆಯದು. ಆ ಕಹಿ ರಸ ಕುಡಿದು ವಾಂತಿಯಾದರೆ, ಅದು ರಸದ ವಾಂತಿಯೋ ರೋಗದ ವಾಂತಿಯೋ ಎಂದು ತಿಳಿಯುವುದು ಕಷ್ಟವಾಗುತ್ತದೆ. ಡೆಂಗಿಯಲ್ಲಿ ವಾಂತಿ ನಮಗೆ ಮುಖ್ಯವಾದ ಸುಳಿವು.

ಬಿಡದ ವಾಂತಿ, ಜೋರಾದ ಹೊಟ್ಟೆನೋವು, ವಸಡು ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಕು ಅಥವಾ ವಿಪರೀತ ಚಡಪಡಿಕೆ, ಮೂತ್ರ ನಿಲ್ಲುವುದು: ಇವುಗಳಲ್ಲಿ ಯಾವುದೇ ಒಂದು ಕಂಡರೂ, ಜ್ವರ ಇರಲಿ ಬಿಡಲಿ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕು. ಗರ್ಭಿಣಿಯರು, ಹಸುಗೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಇಂಥ ಲಕ್ಷಣಕ್ಕೂ ಕಾಯುವುದು ಬೇಡ. ಡೆಂಗಿ ಎಂದು ಗೊತ್ತಾದ ಕೂಡಲೇ ವೈದ್ಯರನ್ನು ಕಾಣಲಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಮಾತ್ರೆ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಯಕೃತ್ತಿನ ಕಾಯಿಲೆ ಇದ್ದವರು ಮೊದಲು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟು. ಮೈಕೈ ನೋವು ತಡೆಯಲಾಗದೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ತಂದು ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸೊಂಟಕ್ಕೆ ಚುಚ್ಚುವ ಜ್ವರದ ಇಂಜೆಕ್ಷನ್ನೂ ಬೇಡ. ಹೃದಯಕ್ಕಾಗಿ ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಪರೀಕ್ಷೆಯಲ್ಲೂ ದಿನದ ಲೆಕ್ಕವೇ ನಡೆಯುವುದು. ಎನ್‌ಎಸ್‌1 ಮೊದಲ ಐದು ದಿನದ ಪರೀಕ್ಷೆ, ಐಜಿಎಂ ನಾಲ್ಕೈದನೇ ದಿನದ ನಂತರದ್ದು. ಎರಡನೇ ದಿನ ಐಜಿಎಂ ಮಾಡಿಸಿ “ಇಲ್ಲ ಎಂದು ಬಂತು” ಎಂದರೆ ಅದಕ್ಕೆ ಅರ್ಥವಿಲ್ಲ. ಕಾರ್ಡಿನ ಮೇಲೆ ಗೆರೆ ಮೂಡುವ ಪರೀಕ್ಷೆಗಿಂತ ಎಲಿಸಾ ವಿಧಾನ ನಂಬಿಕೆಗೆ ಅರ್ಹ. ಎರಡೂ ಇಲ್ಲವೆಂದರೂ ಲಕ್ಷಣ ಡೆಂಗಿಯಂತೆಯೇ ಇದ್ದರೆ ನಾವು ಡೆಂಗಿ ಎಂದೇ ನೋಡಿಕೊಳ್ಳುತ್ತೇವೆ.

ಸೊಳ್ಳೆಯ ವಿಷಯ ಬಹುತೇಕ ಎಲ್ಲರಿಗೂ ಗೊತ್ತು, ಒಂದನ್ನು ಬಿಟ್ಟು. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ನೀರು ಚೆಲ್ಲಿ ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ಬಿದ್ದ ದಿನ ಒಡೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡುವುದರ ಜೊತೆ ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಒಳಗೋಡೆ ಉಜ್ಜಬೇಕು. ಬೀದಿಯಲ್ಲಿ ಹೊಗೆ ಬಿಟ್ಟರೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ಸಂಪಿನ ಮುಚ್ಚಳ, ಫ್ರಿಜ್ಜಿನ ಹಿಂದಿನ ತಟ್ಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಬೋರಲು ಹಾಕದ ತೆಂಗಿನ ಚಿಪ್ಪು ನಮ್ಮ ಪಾಲಿನ ಕೆಲಸ. ಈ ಸೊಳ್ಳೆ ಕಚ್ಚುವುದು ಹಗಲು. ಜ್ವರದ ಮೊದಲ ಐದಾರು ದಿನ ರೋಗಿಯನ್ನು ಕಚ್ಚಿದ ಸೊಳ್ಳೆ ಮನೆಯ ಉಳಿದವರಿಗೂ ವೈರಸ್ ದಾಟಿಸಬಲ್ಲದು, ಹಾಗಾಗಿ ರೋಗಿ ಮಧ್ಯಾಹ್ನ ಮಲಗಿದಾಗಲೂ ಸೊಳ್ಳೆಪರದೆ ಇರಲಿ.

ವಾಸಿಯಾಗುವಾಗ ಕೈಕಾಲಿನ ಮೇಲೆ ಕೆಂಪು ದದ್ದು ಬಂದು ನಡುನಡುವೆ ಬಿಳಿ ಚುಕ್ಕೆ ಉಳಿದು ವಿಪರೀತ ತುರಿಸುತ್ತದೆ. ರೋಗ ಮರುಕಳಿಸಿತು ಎಂದು ಓಡಿಬರುವವರಿದ್ದಾರೆ. ಅದು ಗುಣವಾಗುತ್ತಿರುವ ಗುರುತು. ಸುಸ್ತು ಮಾತ್ರ ಕೆಲವರಿಗೆ ವಾರಗಟ್ಟಲೆ ಇರುತ್ತದೆ. ಮತ್ತೆ ಡೆಂಗಿ ಬರಬಹುದೇ ಎಂದರೆ ಬರಬಹುದು. ವೈರಸ್‌ನಲ್ಲಿ ನಾಲ್ಕು ಬಗೆ ಇದೆ, ಬಂದುಹೋದ ಬಗೆಯ ವಿರುದ್ಧ ಮಾತ್ರ ದೀರ್ಘಕಾಲದ ರಕ್ಷಣೆ ಸಿಗುತ್ತದೆ, ಬೇರೆ ಬಗೆಯದು ಎರಡನೇ ಸಲ ಬಂದಾಗ ಸೋರಿಕೆಯ ಸಾಧ್ಯತೆ ಹೆಚ್ಚು. ಆದ್ದರಿಂದ ಈ ಸಲದ ಲ್ಯಾಬ್ ಚೀಟಿಯನ್ನು ಎಸೆಯದೆ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮುಂದೆ ಯಾವ ವರ್ಷ ಜ್ವರ ಬಂದರೂ ಮೊದಲ ದಿನವೇ ವೈದ್ಯರಿಗೆ ತೋರಿಸಿ. ಹಳೆಯ ಪಿಸಿವಿ ಎಷ್ಟಿತ್ತು ಎಂಬುದೂ ಅದರಲ್ಲಿ ಸಿಗುತ್ತದೆ.