ರಜೆ ಒಂದು ಸಾಲು, ಇಲ್ಲ ಇನ್ನೊಂದು ಸಾಲು

2024ರ ಏಪ್ರಿಲ್ 24. ವಾಷಿಂಗ್ಟನ್‌ನಲ್ಲಿ ಕಟ್ಟಡ ಕಾರ್ಮಿಕ ಸಂಘಟನೆಗಳ ಸಭೆ. ಇನ್ನೂ ನಾಲ್ಕು ವರ್ಷ ಸಿಕ್ಕರೆ ಏನೆಲ್ಲ ಮಾಡಬಹುದು ಎಂದು ಹುರುಪಿನಿಂದ ಹೇಳುತ್ತಿದ್ದ ಅಧ್ಯಕ್ಷ ಜೋ ಬೈಡನ್, ಅದೇ ಉಸಿರಿನಲ್ಲಿ ‘ಪಾಜ್’ ಎಂದೂ ಓದಿಬಿಟ್ಟರು. ಎಂದರೆ, ‘ಸ್ವಲ್ಪ ನಿಲ್ಲಿ’. ಟೆಲಿಪ್ರಾಂಪ್ಟರಿನ ಸೂಚನೆ ಭಾಷಣದೊಳಗೇ ಸೇರಿಹೋಯಿತು. ಜಗತ್ತು ಅವರನ್ನು ನೋಡಿ ನಕ್ಕಿತು. ಆದರೆ ಪ್ರಾಂಪ್ಟರಿಗೆ ಬರೆಯುವವರು ಇಂಥದ್ದಕ್ಕೆ ನಗುವುದು ಕಡಿಮೆ. ಎದುರಿಗೆ ಬಂದ ಪದವನ್ನು ಬಾಯಿ ಓದಿಯೇ ತೀರುತ್ತದೆ ಎಂಬುದು ಅವರಿಗೆ ಗೊತ್ತು.

ಯಂತ್ರ ಸರಳ. ಕ್ಯಾಮೆರಾದ ಮುಂದೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಗಾಜು, ಅದರ ಕೆಳಗೆ ಮಲಗಿಸಿದ ಪರದೆ. ಪರದೆಯಲ್ಲಿ ತಿರುವುಮುರುವಾಗಿ ಮೂಡುವ ಅಕ್ಷರ ಗಾಜಿನಲ್ಲಿ ಪ್ರತಿಫಲಿಸಿ ನೇರವಾಗಿ ಕಾಣುತ್ತದೆ. ಗಾಜಿನ ಹಿಂದಿರುವ ಲೆನ್ಸ್‌ಗೆ ಆ ಅಕ್ಷರ ಕಾಣುವುದಿಲ್ಲ, ಓದುವವರ ಮುಖ ಮಾತ್ರ ಕಾಣುತ್ತದೆ. ಹಾಗಾಗಿ ನಿರೂಪಕಿ ನಮ್ಮನ್ನೇ ನೋಡಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಸಾಲು ಉದ್ದವಾದರೆ ಈ ಮೋಡಿ ಕೆಡುತ್ತದೆ. ಕಣ್ಣುಗುಡ್ಡೆ ಎಡದಿಂದ ಬಲಕ್ಕೆ ಓಡಾಡುವುದು ಮನೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಅದಕ್ಕೇ ಎರಡೂ ಬದಿಯ ಅಂಚನ್ನು ಒಳಕ್ಕೆ ಎಳೆದು ಸಾಲನ್ನು ಕಿರಿದು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಸಾಲಿಗೆ ನಾಲ್ಕೈದು ಪದ ಹಿಡಿದರೆ, ‘ಎಚ್ಚರಿಕೆಯಿಂದಿರುವಂತೆ’ ಎಂಬಂಥ ಪದಗಳಿರುವ ಕನ್ನಡದಲ್ಲಿ ಎರಡು ಮೂರು ಪದಕ್ಕೇ ಸಾಲು ತುಂಬುತ್ತದೆ.

ಕಷ್ಟ ಶುರುವಾಗುವುದೇ ಇಲ್ಲಿ. ಸಾಲನ್ನು ಎಲ್ಲಿ ಮುರಿಯಬೇಕು? ತಂತ್ರಾಂಶಕ್ಕೆ ಬಿಟ್ಟರೆ ಅದು ಜಾಗ ಮುಗಿದಲ್ಲಿ ಮುರಿಯುತ್ತದೆ, ಅರ್ಥ ಮುಗಿದಲ್ಲಿ ಅಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ನಿಷೇಧವಂತೂ ಕಟ್ಟಕಡೆಗೆ. ‘ನಾಳೆ ಶಾಲೆಗಳಿಗೆ ರಜೆ’ ಎಂದು ಒಂದು ಸಾಲು ಮುಗಿದು ‘ಇರುವುದಿಲ್ಲ’ ಎಂಬುದು ಮುಂದಿನ ಸಾಲಿಗೆ ಇಳಿಯಿತು ಅನ್ನಿ. ಓದುವವರ ದನಿ ‘ರಜೆ’ಯಲ್ಲೇ ಇಳಿಯುತ್ತದೆ, ಮಕ್ಕಳು ಕುಣಿಯುತ್ತಾರೆ, ಆಮೇಲೆ ಬರುವ ‘ಇರುವುದಿಲ್ಲ’ ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ‘ರಜೆ ಇರುವುದಿಲ್ಲ’ ಎಂಬುದನ್ನು ಒಂದೇ ಸಾಲಿನಲ್ಲಿ ಕಟ್ಟಿಡಬೇಕು. ‘ನಾಳೆ ಶಾಲೆ ಇದೆ’ ಎಂದು ಬರೆದರಂತೂ ತಕರಾರೇ ಇಲ್ಲ.

ಪತ್ರಿಕೆಯ ಧಾಟಿಯ ಒಂದು ಮಾದರಿ ವಾಕ್ಯ ನೋಡಿ: ‘ಕೊಡಗಿನಲ್ಲಿ ಮಳೆ ಹೆಚ್ಚಿರುವ ಹಿನ್ನೆಲೆಯಲ್ಲಿ ಕೆಆರ್‌ಎಸ್ ಅಣೆಕಟ್ಟೆಯಿಂದ 25,000 ಕ್ಯೂಸೆಕ್ ನೀರು ಹೊರಬಿಡಲಾಗಿದ್ದು, ನದಿಪಾತ್ರದ ಜನರು ಎಚ್ಚರಿಕೆಯಿಂದಿರುವಂತೆ ಜಿಲ್ಲಾಡಳಿತ ಸೂಚಿಸಿದೆ.’ ಕಣ್ಣಿಗೆ ಇದರಲ್ಲಿ ತೊಡಕಿಲ್ಲ. ಬಾಯಿಗೆ ಮಾತ್ರ ‘ಹೊರಬಿಡಲಾಗಿದ್ದು’ ಮುಟ್ಟುವಷ್ಟರಲ್ಲಿ ಉಸಿರು ಮುಗಿದಿರುತ್ತದೆ. ಅದೇ ಸುದ್ದಿ ಪ್ರಾಂಪ್ಟರಿನಲ್ಲಿ ಹೀಗೆ ಇಳಿಯಬಹುದು:

ಕೊಡಗಿನಲ್ಲಿ
ಮಳೆ ಜೋರಾಗಿದೆ. //
ಕೆ ಆರ್ ಎಸ್‌ನಿಂದ /
ಇಪ್ಪತ್ತೈದು ಸಾವಿರ ಕ್ಯೂಸೆಕ್
ನೀರು ಬಿಡಲಾಗಿದೆ. //
ಜಿಲ್ಲಾಡಳಿತದ ಸೂಚನೆ: /
ನದಿ ದಂಡೆಯ ಜನ
ಎಚ್ಚರದಿಂದ ಇರಬೇಕು. //

‘ಇದ್ದು’ ಹೋಗಿ ಮೂರು ವಾಕ್ಯಗಳಾದವು. ಸೊನ್ನೆ ಎಣಿಸುತ್ತಾ ತಡವರಿಸದಿರಲಿ ಎಂದು ಅಂಕಿ ಅಕ್ಷರವಾಯಿತು. ಹೇಳಿದ್ದು ಯಾರು ಎಂಬುದು ಮೊದಲೇ ಬಂತು, ಏಕೆಂದರೆ ಕೇಳುವವರು ಹಿಂದಿನ ಸಾಲಿಗೆ ಮರಳಲಾರರು. ಒಂದು ಗೆರೆ ಇದ್ದಲ್ಲಿ ಅರೆಕ್ಷಣ ತಡೆ, ಎರಡು ಗೆರೆ ಇದ್ದಲ್ಲಿ ಪೂರ್ತಿ ಉಸಿರು. ಗೆರೆಯನ್ನು ಯಾರೂ ಬಾಯಿಬಿಟ್ಟು ಓದುವುದಿಲ್ಲ. ‘ಬೈಟ್’, ‘ಎರಡನೇ ಕ್ಯಾಮೆರಾ’ ಎಂಬಂಥ ಸೂಚನೆಯನ್ನು ಪದದಲ್ಲೇ ಕೊಡಬೇಕಾದರೆ ಕಂಸದೊಳಗೆ, ಬೇರೆ ಬಣ್ಣದಲ್ಲಿ, ಪ್ರತ್ಯೇಕ ಸಾಲಿನಲ್ಲಿ ಹಾಕಬೇಕು. ಇಂಥ ಗುರುತುಗಳೂ ಹೆಚ್ಚಾದರೆ ಕಾಟವೇ. ಪ್ರತಿ ಪದಕ್ಕೂ ಗೆರೆ ಎಳೆದ ಸ್ಕ್ರಿಪ್ಟನ್ನು ಓದಿದರೆ ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ.

ಇನ್ನು ವೇಗ. ಓದುವವರು ಯಂತ್ರದ ಹಿಂದೆ ಓಡುವುದಲ್ಲ, ಯಂತ್ರ ಓದುವವರ ಹಿಂದೆ ಬರಬೇಕು. ಪರದೆಯ ಅಂಚಿನಲ್ಲಿ, ನಡುವಿಗಿಂತ ತುಸು ಮೇಲೆ, ಒಂದು ಬಾಣದ ಗುರುತಿರುತ್ತದೆ. ಓದುತ್ತಿರುವ ಸಾಲನ್ನು ಅದರ ನೇರಕ್ಕೆ ನಿಲ್ಲಿಸುವುದು ಆಪರೇಟರ್ ಕೆಲಸ. 1952ರ ಚುನಾವಣಾ ಪ್ರಚಾರದಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ, ಐಸೆನ್‌ಹೋವರ್ ಬರೆದದ್ದನ್ನು ಬಿಟ್ಟು ತಮ್ಮದೇ ಮಾತು ಸೇರಿಸಿದಾಗ ಪ್ರಾಂಪ್ಟರಿನ ಕಾಗದದ ಸುರುಳಿ ನಿಂತುಹೋಗಿ, ಅವರು ಸಿಟ್ಟಿಗೆದ್ದು ‘ಮುಂದೆ ಹೋಗಲಿ’ ಎಂದು ಅಲ್ಲೇ ರೇಗಿದ್ದರು. ನಿರೂಪಕರು ವಾಕ್ಯದ ಕೊನೆಯನ್ನು ನುಂಗುತ್ತಿದ್ದರೆ ಅಕ್ಷರ ಬೇಗ ಓಡುತ್ತಿದೆ ಎಂದರ್ಥ. ಮಾತಿನ ನಡುವೆ ಬೇಡದ ಕಡೆ ನಿಂತರೆ ಮುಂದಿನ ಸಾಲು ಇನ್ನೂ ಬಂದಿಲ್ಲ.

ಕನ್ನಡಕ್ಕೆ ಇನ್ನೆರಡು ಸ್ವಂತ ತಲೆನೋವುಗಳಿವೆ. ‘ರಾಷ್ಟ್ರೀಯ’, ‘ವೈಶಿಷ್ಟ್ಯ’ಗಳ ಒತ್ತಕ್ಷರ ಕೆಳಗೆ ಇಳಿದು, ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಹಾಗಾಗಿ ಇಂಗ್ಲಿಷಿಗಿಂತ ಹೆಚ್ಚು ಅಂತರ ಬಿಡಬೇಕು. ಎರಡನೆಯದು, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತವನ್ನು ಯುನಿಕೋಡ್ ಮಾಡದೆ ಅಂಟಿಸಿದರೆ ಗಾಜಿನ ಮೇಲೆ ಬರುವುದು ಕನ್ನಡವಲ್ಲ, ಯಾವ ಭಾಷೆಯೂ ಅಲ್ಲದ ರೋಮನ್ ಅಕ್ಷರಗಳ ರಾಶಿ. ಬುಲೆಟಿನ್‌ಗೆ ಐದು ನಿಮಿಷ ಮೊದಲು ಒಮ್ಮೆ ಪೂರ್ತಿ ಉರುಳಿಸಿ ನೋಡಿದರೆ ಇವೆರಡೂ ಕಣ್ಣಿಗೆ ಬೀಳುತ್ತವೆ.