ಬೆಂಗಳೂರಿನ ಪದಬಂಧ, ಬಾಂಬೆಯ ತೆರಿಗೆ: ಕಾಯ್ದೆ ಬಿದ್ದುಹೋಗುವುದು ಯಾವಾಗ?

1950ರ ದಶಕದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದರ ಆಕರ್ಷಣೆ ಆರ್‌ಎಂಡಿಸಿ ಪದಬಂಧ. ಪ್ರವೇಶ ಶುಲ್ಕ ಕಟ್ಟಿ, ಚೌಕಗಳನ್ನು ತುಂಬಿ ಕಳಿಸಿದರೆ ನಗದು ಬಹುಮಾನ. ಪತ್ರಿಕೆಗೆ ಬಾಂಬೆ ರಾಜ್ಯದಲ್ಲಿ ಭಾರೀ ಓದುಗರಿದ್ದರು. ಬಾಂಬೆ ಸರ್ಕಾರ 1952ರಲ್ಲಿ ತನ್ನ ಲಾಟರಿ ಮತ್ತು ಬಹುಮಾನ ಸ್ಪರ್ಧೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು. 1955ರಲ್ಲಿ ಸಂಸತ್ತು ಬಹುಮಾನ ಸ್ಪರ್ಧೆಗಳನ್ನು ನಿಯಂತ್ರಿಸಲು ತನ್ನದೇ ಕಾಯ್ದೆ ಮಾಡಿತು. ಎರಡೂ ಕಾಯ್ದೆಗಳನ್ನು ಪ್ರಶ್ನಿಸಿದ ವ್ಯಾಜ್ಯಗಳು ಸುಪ್ರೀಂ ಕೋರ್ಟಿಗೆ ಬಂದವು. 1957ರ ಏಪ್ರಿಲ್ 9ರಂದು, ಒಂದೇ ದಿನ, ಎರಡರ ತೀರ್ಪೂ ಹೊರಬಿತ್ತು. ಕಾಯ್ದೆಯ ಸಿಂಧುತ್ವದ ಬಗ್ಗೆ ಇಂದಿಗೂ ಓಡಾಡುವ ಮೂರು ತಪ್ಪು ಕಲ್ಪನೆಗಳಿಗೆ ಆ ಕಾಲದ ತೀರ್ಪುಗಳಲ್ಲೇ ಉತ್ತರವಿದೆ.

ತಪ್ಪು ಕಲ್ಪನೆ 1: ರಾಜ್ಯದ ಕಾಯ್ದೆ ತನ್ನ ಪಟ್ಟಿಯಾಚೆಗಿನ ವಿಷಯವನ್ನು ಸೋಕಿದರೂ ಸಾಕು, ಅದು ಅಸಿಂಧು.

ಸತ್ಯ: ಸಂವಿಧಾನದ ಏಳನೇ ಅನುಸೂಚಿ ವಿಷಯಗಳನ್ನು ಕೇಂದ್ರ, ರಾಜ್ಯ ಮತ್ತು ಸಮವರ್ತಿ ಪಟ್ಟಿಗಳಾಗಿ ಹಂಚಿದೆ. ಆದರೆ ಬದುಕಿನ ವ್ಯವಹಾರಗಳು ಪಟ್ಟಿ ನೋಡಿಕೊಂಡು ನಡೆಯುವುದಿಲ್ಲ. ಸಾಲದ ಬಗ್ಗೆ ಕಾಯ್ದೆ ಮಾಡಿದರೆ ಪ್ರಾಮಿಸರಿ ನೋಟಿನ ಮಾತು ಬಂದೇ ಬರುತ್ತದೆ. ಬಂಗಾಳದ ಲೇವಾದೇವಿ ಕಾಯ್ದೆಯ ವಿಷಯದಲ್ಲಿ ಪ್ರಿವಿ ಕೌನ್ಸಿಲ್ 1947ರಲ್ಲಿ ಇದನ್ನೇ ಹೇಳಿತ್ತು: ಪ್ರಾಮಿಸರಿ ನೋಟು ಕೇಂದ್ರದ ವಿಷಯವಾದರೂ ಕಾಯ್ದೆಯ ತಿರುಳು ಲೇವಾದೇವಿ, ಆದ್ದರಿಂದ ಅದು ಊರ್ಜಿತ. ವಕೀಲರ ಬಾಯಲ್ಲಿ ‘ಪಿತ್ ಅಂಡ್ ಸಬ್‌ಸ್ಟನ್ಸ್’ ಎಂದರೆ ಹೀಗೆ ತಿರುಳು ಹುಡುಕುವುದು.

ಪದಬಂಧದ ಕೇಸಿನಲ್ಲಿ ಈ ಹುಡುಕಾಟಕ್ಕೆ ದುಡ್ಡಿನ ಲೆಕ್ಕವೂ ಅಂಟಿಕೊಂಡಿತ್ತು. ಜೂಜು, ಪಣದ ಮೇಲೆ ಆಗ ರಾಜ್ಯ ಎಷ್ಟು ಬೇಕಾದರೂ ತೆರಿಗೆ ಹಾಕಬಹುದಿತ್ತು. ವ್ಯಾಪಾರ, ವೃತ್ತಿಯ ಮೇಲಿನ ತೆರಿಗೆಗಾದರೆ 276ನೇ ವಿಧಿ ಆಗ ವರ್ಷಕ್ಕೆ 250 ರೂಪಾಯಿಯ ಮಿತಿ ಹಾಕಿತ್ತು. ‘ನಮ್ಮದು ವ್ಯಾಪಾರ, ಇದು ವ್ಯಾಪಾರದ ಮೇಲಿನ ತೆರಿಗೆ’ ಎಂದರು ಸ್ಪರ್ಧೆ ನಡೆಸುವವರು. ಕೋರ್ಟು ಸ್ಪರ್ಧೆಯ ರಚನೆಯನ್ನೇ ಬಿಡಿಸಿ ನೋಡಿತು. ಗೆಲುವು ಮುಖ್ಯವಾಗಿ ಜಾಣ್ಮೆಯಿಂದ ಬರುತ್ತಿರಲಿಲ್ಲ, ಆಯೋಜಕರು ಮೊದಲೇ ಗೊತ್ತುಮಾಡಿಟ್ಟ ಉತ್ತರಕ್ಕೆ ತಾಳೆಯಾಗುವ ಅದೃಷ್ಟದಿಂದ ಬರುತ್ತಿತ್ತು. ಹಾಗಾಗಿ ಕಾಯ್ದೆಯ ತಿರುಳು ಜೂಜಿನ ತೆರಿಗೆ. ಇನ್ನು ಪತ್ರಿಕೆ ಅಚ್ಚಾಗುವುದು ಬೆಂಗಳೂರಿನಲ್ಲಿ ಎಂಬ ವಾದ: ಫಾರಂ ತುಂಬುವುದು, ಶುಲ್ಕ ಕಟ್ಟುವುದು ಬಾಂಬೆ ರಾಜ್ಯದೊಳಗೇ ನಡೆಯುತ್ತಿದ್ದುದರಿಂದ ಆ ರಾಜ್ಯಕ್ಕೆ ಸಾಕಷ್ಟು ಸಂಬಂಧವಿದೆ ಎಂದು ಕೋರ್ಟು ಅದನ್ನೂ ತಳ್ಳಿಹಾಕಿತು.

ತಪ್ಪು ಕಲ್ಪನೆ 2: ಸರ್ಕಾರದ ಉದ್ದೇಶ ಕೆಟ್ಟದಿದ್ದರೆ ಅದು ‘ಕಲರಬಲ್ ಲೆಜಿಸ್ಲೇಶನ್’.

ಸತ್ಯ: ಟಿವಿ ಚರ್ಚೆಗಳಲ್ಲಿ ಈ ಮಾತನ್ನು ದುರುದ್ದೇಶದ ಆರೋಪವಾಗಿ ಬಳಸುತ್ತಾರೆ. ಕೋರ್ಟಿಗೆ ಶಾಸಕರ ಮನಸ್ಸು ಬೇಕಿಲ್ಲ. ಅದು ಕೇಳುವುದು ಇಷ್ಟೇ: ಈ ಕೆಲಸ ಮಾಡಲು ಶಾಸಕಾಂಗಕ್ಕೆ ಅಧಿಕಾರವಿತ್ತೇ? ಇಲ್ಲದ ಅಧಿಕಾರವನ್ನು, ಇರುವ ಅಧಿಕಾರದ ವೇಷ ತೊಡಿಸಿ ಚಲಾಯಿಸಿದರೆ ಮಾತ್ರ ಅದು ವೇಷಧಾರಿ ಶಾಸನ.

ಜಮೀನ್ದಾರಿ ರದ್ದತಿಯ ಕಾಲದ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಒಡಿಶಾ ಸರ್ಕಾರ ಕೃಷಿ ಆದಾಯ ತೆರಿಗೆಯನ್ನು ವಿಪರೀತ ಏರಿಸಿತು. ಜಮೀನ್ದಾರರ ಪರಿಹಾರ ನಿಗದಿಯಾಗುವುದು ತೆರಿಗೆ ಕಳೆದ ನಿವ್ವಳ ಆದಾಯದ ಮೇಲೆ. ತೆರಿಗೆ ಏರಿದಷ್ಟೂ ಪರಿಹಾರ ಇಳಿಯುತ್ತದೆ. ಪರಿಹಾರ ತಗ್ಗಿಸುವುದಕ್ಕೇ ಈ ತೆರಿಗೆ ಎಂಬುದು ಆಕ್ಷೇಪ. 1953ರಲ್ಲಿ ಗಜಪತಿ ನಾರಾಯಣ ದೇವ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ತೀರ್ಪು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಕೃಷಿ ಆದಾಯ ತೆರಿಗೆ ರಾಜ್ಯದ ವಿಷಯ, ಹಾಕಿದ್ದೂ ನಿಜವಾದ ತೆರಿಗೆ. ಹಾಕಿದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಅಪ್ರಸ್ತುತ.

ಬಿಹಾರದ ಕಥೆ ಬೇರೆ. ಅಲ್ಲಿನ ಭೂಸುಧಾರಣಾ ಕಾಯ್ದೆಯಲ್ಲಿ, ರೈತರ ಅನುಕೂಲದ ಕಾಮಗಾರಿಗಳ ಖರ್ಚು ಎಂದು ಜಮೀನ್ದಾರನ ಆದಾಯದಿಂದ ಶೇ 4ರಿಂದ 12.5ರಷ್ಟು ಕಳೆಯಬೇಕಿತ್ತು. ಅಂಥ ಖರ್ಚು ನಿಜಕ್ಕೂ ಆಗಿತ್ತೇ ಎಂದು ಕೇಳುವ ಗೋಜೇ ಇರಲಿಲ್ಲ. ಪರಿಹಾರದ ತತ್ವ ನಿಗದಿ ಮಾಡುವ ಅಧಿಕಾರವಷ್ಟೇ ಶಾಸಕಾಂಗಕ್ಕಿತ್ತು. 1952ರ ಕಾಮೇಶ್ವರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ಇದು ಲೆಕ್ಕದ ಹೆಸರಿನಲ್ಲಿ ಪರಿಹಾರವನ್ನೇ ನುಂಗುವ ಕಲಂ ಎಂದು ಅದನ್ನು ರದ್ದು ಮಾಡಿತು. ಗುರುತಿಸುವ ಬಗೆ ಇದು: ಕಲಂ ಹೇಳುವ ಹೆಸರಿಗೂ ಅದು ಲೆಕ್ಕದಲ್ಲಿ ಮಾಡುವ ಕೆಲಸಕ್ಕೂ ಸಂಬಂಧವಿದೆಯೇ ಎಂದು ನೋಡಬೇಕು. ಒಡಿಶಾದಲ್ಲಿ ಇತ್ತು, ಬಿಹಾರದಲ್ಲಿ ಇರಲಿಲ್ಲ.

ತಪ್ಪು ಕಲ್ಪನೆ 3: ಒಂದು ಕಲಂ ಬಿದ್ದರೆ ಇಡೀ ಕಾಯ್ದೆ ಬೀಳುತ್ತದೆ.

ಸತ್ಯ: ಬಿಹಾರದಲ್ಲೇ ಹಾಗಾಗಲಿಲ್ಲ, ಆ ಖರ್ಚಿನ ಕಲಮೂ ಸೇರಿ ಎರಡು ಕಲಂಗಳು ಹೋದವು, ಜಮೀನ್ದಾರಿ ರದ್ದತಿ ಉಳಿಯಿತು. 13ನೇ ವಿಧಿಯ ಭಾಷೆಯೂ ಅದೇ: ಮೂಲಭೂತ ಹಕ್ಕಿಗೆ ವಿರುದ್ಧವಾದ ಮಟ್ಟಿಗಷ್ಟೇ ಕಾನೂನು ಶೂನ್ಯ.

ಸಂಸತ್ತಿನ 1955ರ ಕಾಯ್ದೆಯಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿತ್ತು. ಅಕ್ಷರ, ಪದ, ಅಂಕಿಗಳನ್ನು ಜೋಡಿಸುವ ಯಾವುದೇ ಒಗಟಿಗೆ ಬಹುಮಾನವಿಟ್ಟರೂ ಅದು ‘ಬಹುಮಾನ ಸ್ಪರ್ಧೆ’. ತಿಂಗಳಿಗೆ 1,000 ರೂಪಾಯಿಗಿಂತ ಹೆಚ್ಚು ಬಹುಮಾನ ಕೂಡದು, 2,000ಕ್ಕಿಂತ ಹೆಚ್ಚು ಪ್ರವೇಶಪತ್ರ ಕೂಡದು. ಅರ್ಜಿದಾರರ ತರ್ಕ ಹೀಗಿತ್ತು: ಈ ಮಾತಿನ ವ್ಯಾಪ್ತಿಗೆ ಜಾಣ್ಮೆಯ ಸ್ಪರ್ಧೆಗಳೂ ಬರುತ್ತವೆ, ಅವಕ್ಕೆ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆಯಿದೆ, ಒಂದೇ ವ್ಯಾಖ್ಯೆಯೊಳಗೆ ಎರಡೂ ಬೆರೆತಿರುವುದರಿಂದ ಇಡೀ ಕಾಯ್ದೆಯೇ ಹೋಗಬೇಕು.

ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಎರಡು ಹೆಜ್ಜೆಯಲ್ಲಿ ಉತ್ತರಿಸಿದರು. ಕಾಯ್ದೆಯ ಹಿನ್ನೆಲೆ, ಉದ್ದೇಶ ನೋಡಿದರೆ ಸಂಸತ್ತಿನ ಗುರಿ ಜೂಜಿನ ಸ್ಪರ್ಧೆಗಳಷ್ಟೇ. ಒಂದು ವೇಳೆ ಜಾಣ್ಮೆಯವೂ ಸೇರಿವೆ ಎಂದುಕೊಂಡರೂ ಎರಡು ವರ್ಗಗಳು ಬೇರೆ ಬೇರೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಕಾಯ್ದೆಯನ್ನು ಅನ್ವಯಿಸಬಹುದು. ಹಾಗೆ ಬಿಡಿಸಲು ಕಲಂಗಳು ಪ್ರತ್ಯೇಕವಾಗಿಯೇ ಇರಬೇಕೆಂದಿಲ್ಲ. ಕೆಟ್ಟ ಭಾಗ ಸೇರುವುದಿಲ್ಲವೆಂದು ತಿಳಿದಿದ್ದರೂ ಶಾಸಕಾಂಗ ಉಳಿದದ್ದನ್ನು ಮಾಡುತ್ತಿತ್ತೇ ಎಂಬುದು ಮುಖ್ಯ ಪರೀಕ್ಷೆ. ಎರಡು ಭಾಗಗಳು ಬಿಡಿಸಲಾರದಂತೆ ಹೆಣೆದುಕೊಂಡಿದ್ದರೆ, ಅಥವಾ ಉಳಿದ ತುಂಡಿಗೆ ಜೀವ ಕೊಡಲು ಕೋರ್ಟೇ ಪದ ತಿದ್ದಿ ಸೇರಿಸಬೇಕಾದರೆ, ಇಡೀ ಕಾಯ್ದೆ ಬೀಳುತ್ತದೆ. ಕತ್ತರಿಸುವುದು ಕೋರ್ಟಿನ ಕೆಲಸ, ಬರೆಯುವುದು ಶಾಸಕಾಂಗದ್ದು.

ಆ ದಿನ ಪದಬಂಧದವರು ಎರಡೂ ಕಡೆ ಸೋತರು. ಆದರೆ ಜೂಜು ಬೇರೆ, ಜಾಣ್ಮೆ ಬೇರೆ ಎಂಬ ಗೆರೆ ಗಟ್ಟಿಯಾಯಿತು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ, ಹಣ ಪಣಕ್ಕಿಟ್ಟ ಆನ್‌ಲೈನ್ ಆಟಗಳನ್ನು ನಿಷೇಧಿಸುವಾಗ ಕೌಶಲದ ಆಟವನ್ನೂ ಹೆಸರು ಹಿಡಿದು ಜೂಜಿನ ವ್ಯಾಖ್ಯೆಗೆ ಸೇರಿಸಿತು. ಕೌಶಲದ ಆಟ ನಮ್ಮ ಗುರಿಯಲ್ಲ ಎಂದು ಓದಿಕೊಳ್ಳಲು ಪದಗಳು ಜಾಗ ಬಿಡಲಿಲ್ಲ. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಸಂಬಂಧಪಟ್ಟ ಕಲಂಗಳನ್ನು ರದ್ದುಗೊಳಿಸಿತು. 1963ರ ಪೊಲೀಸ್ ಕಾಯ್ದೆ ತನ್ನ ಪಾಡಿಗೆ ಉಳಿಯಿತು. ‘ಕಾಯ್ದೆ ರದ್ದು’ ಎಂಬ ತಲೆಬರಹ ಕಂಡಾಗ ಯಾವ ಕಲಂ, ಯಾವ ಕಾರಣಕ್ಕೆ ಎಂದು ನೋಡುವುದು ಇದಕ್ಕೇ: ಅಧಿಕಾರವಿಲ್ಲದೆ ಬಿದ್ದ ಕಲಮನ್ನು ಅದೇ ಶಾಸಕಾಂಗ ಬೇರೆ ಹೆಸರಿನಲ್ಲಿ ಮತ್ತೆ ತರಲಾಗದು, ಪದಗಳು ಮಿತಿ ಮೀರಿದ್ದಕ್ಕೆ ಬಿದ್ದದ್ದನ್ನು ವ್ಯಾಪ್ತಿ ಕಿರಿದುಮಾಡಿ ಮತ್ತೆ ತರಬಹುದು.